ಗಳಿಕೆ ನಿಮ್ಮದೋ, ಮಾರ್ಕೆಟ್‌ನದೋ: ಆಲ್ಫಾ, ಬೀಟಾ ಬೇರ್ಪಡಿಸುವ ಸಮಗ್ರ ಮಾರ್ಗದರ್ಶಿ

"ಮೂರು ವರ್ಷದಿಂದ ನಿಫ್ಟಿಗಿಂತ ಎಷ್ಟೋ ಜಾಸ್ತಿ ಬಂದಿದೆ. ಇನ್ನು ಕೆಲಸ ಬಿಟ್ಟು ಇದನ್ನೇ ಮಾಡಬಹುದಾ, ಒಂದು ಸಲ ನೋಡಿ ಹೇಳಿ" ಅಂತ ಗೆಳೆಯರೊಬ್ಬರು ತಮ್ಮ ಶೀಟ್ ಕಳಿಸಿದರು. ಮಿಡ್‌ಕ್ಯಾಪ್, ಅಂದರೆ ಮಧ್ಯಮ ಗಾತ್ರದ ಕಂಪನಿಗಳ ಷೇರುಗಳಲ್ಲಿ ಮೊಮೆಂಟಮ್ ಸ್ಟ್ರಾಟೆಜಿ ಅವರದು: ಇತ್ತೀಚೆಗೆ ಜಾಸ್ತಿ ಏರಿದವನ್ನು ಕೊಳ್ಳುವುದು. ಪ್ರತಿ ತಿಂಗಳು ಪಟ್ಟಿ ಬದಲಿಸುತ್ತಾರೆ. ರಿಗ್ರೆಷನ್, ಅಂದರೆ ತಮ್ಮ ರಿಟರ್ನ್ ಇಂಡೆಕ್ಸ್ ಜೊತೆ ಎಷ್ಟು ಓಡುತ್ತದೆ ಅನ್ನುವ ಲೆಕ್ಕವನ್ನೂ ಮಾಡಿದ್ದರು, ಆಲ್ಫಾ ಚೆನ್ನಾಗಿಯೇ ಬಂದಿತ್ತು. ಆದರೆ ಇಂಥ ಶೀಟ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ತಪ್ಪುಗಳೇ ಅದರಲ್ಲೂ ಇದ್ದವು. ಫಾರ್ಮುಲಾದಲ್ಲಿ ತಪ್ಪಿರಲಿಲ್ಲ. ಫಾರ್ಮುಲಾಗೆ ಮೊದಲು ಮಾಡಬೇಕಾದ ಕೆಲಸದಲ್ಲಿ, ಅದು ಕೊಟ್ಟ ಅಂಕಿಯನ್ನು ಓದುವುದರಲ್ಲಿ ತಪ್ಪಿತ್ತು.

ಊರಿಗೆಲ್ಲ ಮಳೆ ಬಂದಾಗ ನಮ್ಮ ಹೊಲವೂ ನೆನೆಯುತ್ತದೆ. ಅದು ಬೀಟಾ. ಮಳೆಯ ಪಾಲು ಕಳೆದ ಮೇಲೂ ನಮ್ಮ ಹೊಲದಲ್ಲಿ ಏನಾದರೂ ಜಾಸ್ತಿ ಬೆಳೆದಿದ್ದರೆ ಅದು ಆಲ್ಫಾ. ಈ ಎರಡನ್ನು ಬೇರ್ಪಡಿಸುವ ಕ್ರಮವನ್ನು ಆ ಶೀಟ್ ಇಟ್ಟುಕೊಂಡೇ ಹೇಳುತ್ತೇನೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ದುಂಡು ಮಾಡಿದ್ದೇನೆ.

## ಬೇಕಾದ ಸಾಮಾನು

ಗೂಗಲ್ ಶೀಟ್ಸ್ ಅಥವಾ ಎಕ್ಸೆಲ್ ಸಾಕು. ಕನಿಷ್ಠ 36 ತಿಂಗಳ ಲೆಕ್ಕ ಇರಲಿ. 12 ತಿಂಗಳ ಲೆಕ್ಕದಲ್ಲೂ ಫಾರ್ಮುಲಾ ಉತ್ತರ ಕೊಡುತ್ತದೆ, ಆದರೆ ಆ ಉತ್ತರದ ಮೇಲೆ ಏನನ್ನೂ ನಿರ್ಧರಿಸಲು ಆಗುವುದಿಲ್ಲ.

ಶೀಟ್‌ನಲ್ಲಿ ಕಾಲಂಗಳು ಹೀಗಿರಲಿ: A ಯಲ್ಲಿ ತಿಂಗಳ ಕೊನೆಯ ಟ್ರೇಡಿಂಗ್ ದಿನ, B ಯಲ್ಲಿ ಸ್ಟ್ರಾಟೆಜಿಯ ರಿಟರ್ನ್, C ಯಲ್ಲಿ ಇಂಡೆಕ್ಸ್ ರಿಟರ್ನ್, D ಯಲ್ಲಿ ಅದೇ ತಿಂಗಳ ಟಿ-ಬಿಲ್ ಬಡ್ಡಿ, ಅಂದರೆ ಸರ್ಕಾರದ ಅಲ್ಪಾವಧಿ ಸಾಲಪತ್ರದ ಬಡ್ಡಿ. ಎಲ್ಲವೂ ಒಂದೇ ರೂಪದಲ್ಲಿರಬೇಕು. ಒಂದು ಕಾಲಂನಲ್ಲಿ 2.1, ಇನ್ನೊಂದರಲ್ಲಿ 0.015 ಅಂತ ಇದ್ದರೆ ಮುಂದಿನದೆಲ್ಲ ವ್ಯರ್ಥ.

ದಿನದ ರಿಟರ್ನ್ ಯಾಕೆ ಬೇಡ ಅಂದರೆ, ಸಣ್ಣ ಷೇರುಗಳು ದಿನವಿಡೀ ಚುರುಕಾಗಿ ಕೈ ಬದಲಾಗುವುದಿಲ್ಲ. ಕೆಲವು ಸರ್ಕ್ಯೂಟ್‌ನಲ್ಲಿ, ಅಂದರೆ ದಿನದ ಬೆಲೆ ಮಿತಿಯಲ್ಲಿ ಸಿಕ್ಕಿಕೊಂಡಿರುತ್ತವೆ. ನಿಫ್ಟಿ ಇವತ್ತು ಬಿದ್ದದ್ದು ಅವುಗಳ ಬೆಲೆಯಲ್ಲಿ ನಾಳೆ, ನಾಡಿದ್ದು ಕಾಣಿಸುತ್ತದೆ. ಹಾಗಾಗಿ ದಿನದ ಲೆಕ್ಕದಲ್ಲಿ ಬೀಟಾ ನಿಜಕ್ಕಿಂತ ಕಡಿಮೆ ಬರುತ್ತದೆ. ಮಾರ್ಕೆಟ್ ಏರಿದ ಕಾಲವಾದರೆ, ಬೀಟಾ ಕಡಿಮೆಯಾದಷ್ಟು ಆಲ್ಫಾ ಸುಮ್ನೆ ಉಬ್ಬುತ್ತದೆ. ತಿಂಗಳ ಲೆಕ್ಕದಲ್ಲಿ ಈ ತೊಂದರೆ ಬಹುಪಾಲು ಕರಗಿ ಹೋಗುತ್ತದೆ.

## ಹಂತ 1: ನಿಮ್ಮ ರಿಟರ್ನ್ ಸರಿಯಾಗಿ ತೆಗೆಯಿರಿ

ಜಾಸ್ತಿ ಜನ ಎಡವುವುದು ಇಲ್ಲೇ. ತಿಂಗಳ ಮಧ್ಯೆ ಅಕೌಂಟ್‌ಗೆ ಹಣ ಹಾಕಿರುತ್ತೀರಿ, ಅಥವಾ ತೆಗೆದಿರುತ್ತೀರಿ. ಅದು ಲಾಭವೂ ಅಲ್ಲ, ನಷ್ಟವೂ ಅಲ್ಲ.

ಗೆಳೆಯರ ಶೀಟ್‌ನ ಒಂದು ಜೂನ್ ತಿಂಗಳು ನೋಡಿ. ತಿಂಗಳ ಶುರುವಿನಲ್ಲಿ 10,00,000 ರೂಪಾಯಿ ಇತ್ತು. 15ನೇ ತಾರೀಕು 5,00,000 ಸೇರಿಸಿದರು. ತಿಂಗಳ ಕೊನೆಗೆ 15,60,000 ಆಯಿತು. ಅವರು ಹಾಕಿದ ಐದು ಲಕ್ಷ ಕಳೆದು, ಉಳಿದ 60,000ವನ್ನು ಶುರುವಿನ ಹತ್ತು ಲಕ್ಷಕ್ಕೆ ಭಾಗಿಸಿ 6% ಅಂತ ಬರೆದಿದ್ದರು. ನೋಡಲು ಸರಿ ಅನ್ನಿಸುತ್ತದೆ, ಅಲ್ವಾ? ಆದರೆ ತಿಂಗಳ ಎರಡನೇ ಅರ್ಧದಲ್ಲಿ ದುಡಿದದ್ದು ಹದಿನೈದು ಲಕ್ಷ, ಹತ್ತಲ್ಲ.

ಸರಿಯಾದ ದಾರಿ, ಹಣ ಹಾಕಿದ ದಿನದಲ್ಲಿ ತಿಂಗಳನ್ನು ಎರಡು ತುಂಡು ಮಾಡುವುದು. ಹಣ ಹಾಕುವ ಮೊದಲು ಪೋರ್ಟ್‌ಫೋಲಿಯೊ 10,20,000 ಇತ್ತು, ಅಂದರೆ ಮೊದಲ ತುಂಡಿನಲ್ಲಿ 2%. ಹಾಕಿದ ಮೇಲೆ 15,20,000. ಅದು 15,60,000 ಆದದ್ದು 2.63%. ಎರಡನ್ನೂ ಗುಣಿಸಿ:

```
1.02 × 1.0263 − 1 = 0.0468
```

ಆ ತಿಂಗಳ ರಿಟರ್ನ್ 4.68%, 6% ಅಲ್ಲ. ಇಂಥ ನಾಲ್ಕೈದು ತಿಂಗಳು ಇದ್ದರೆ ಆಲ್ಫಾ ಅಲ್ಲೇ ಹುಟ್ಟಿಬಿಡುತ್ತದೆ.

ಖರ್ಚನ್ನೂ ಇಲ್ಲೇ ಕಳೆಯಿರಿ. ಡೆಲಿವರಿಯಲ್ಲಿ ಕೊಳ್ಳುವಾಗ 0.1%, ಮಾರುವಾಗ 0.1% ಎಸ್‌ಟಿಟಿ ಅನ್ನುವ ವಹಿವಾಟು ತೆರಿಗೆ ಇದೆ. ಕೊಳ್ಳುವಾಗ 0.015% ಸ್ಟ್ಯಾಂಪ್ ಡ್ಯೂಟಿ, ಮಾರಿದಾಗ ಡಿಪಿ ಚಾರ್ಜ್. ಪ್ರತಿ ತಿಂಗಳು ಅರ್ಧ ಪೋರ್ಟ್‌ಫೋಲಿಯೊ ಬದಲಿಸುವವರಿಗೆ ಎಸ್‌ಟಿಟಿಯೊಂದೇ ತಿಂಗಳಿಗೆ 0.1%, ವರ್ಷಕ್ಕೆ 1.2% ಆಗುತ್ತದೆ. ಬ್ಯಾಕ್‌ಟೆಸ್ಟ್ ಅಂಕಿ, ಅಂದರೆ ಹಣ ಹಾಕದೆ ಹಳೆಯ ಬೆಲೆಗಳ ಮೇಲೆ ಲೆಕ್ಕ ಹಾಕಿದ ಅಂಕಿ, ಇಟ್ಟು ರಿಗ್ರೆಷನ್ ಮಾಡುವವರು ಇದನ್ನು ಮರೆಯುತ್ತಾರೆ. ಆದಾಯ ತೆರಿಗೆಯನ್ನು ಮಾತ್ರ ಈಗ ಕಳೆಯಬೇಡಿ. ಇಂಡೆಕ್ಸ್ ಅಂಕಿಯೂ ತೆರಿಗೆಗೆ ಮುಂಚಿನದೇ.

## ಹಂತ 2: ಡಿವಿಡೆಂಡ್ ಸೇರಿದ ಇಂಡೆಕ್ಸ್ ತೆಗೆದುಕೊಳ್ಳಿ

ಟಿವಿಯಲ್ಲಿ ಓಡುವ ನಿಫ್ಟಿ ಬರೀ ಬೆಲೆಯ ಇಂಡೆಕ್ಸ್. ಅದರಲ್ಲಿ ಡಿವಿಡೆಂಡ್ ಇರುವುದಿಲ್ಲ. ನಿಮ್ಮ ಅಕೌಂಟ್‌ಗೆ ಡಿವಿಡೆಂಡ್ ಬಂದಿರುತ್ತದೆ. ಹಾಗಾಗಿ ಹೋಲಿಸಬೇಕಾದದ್ದು ಟೋಟಲ್ ರಿಟರ್ನ್ ಇಂಡೆಕ್ಸ್, ಅಂದರೆ ಟಿಆರ್‌ಐ ಜೊತೆ. ಮ್ಯೂಚುವಲ್ ಫಂಡ್‌ಗಳಿಗೂ 2018ರಿಂದ ಸೆಬಿ ಇದನ್ನೇ ಕಡ್ಡಾಯ ಮಾಡಿದೆ. `niftyindices.com` ನಲ್ಲಿ ಟಿಆರ್‌ಐನ ಹಳೆಯ ಅಂಕಿಗಳು ಉಚಿತವಾಗಿ ಸಿಗುತ್ತವೆ.

ನಿಮ್ಮ ಡಿವಿಡೆಂಡ್ ಬ್ಯಾಂಕ್ ಅಕೌಂಟ್‌ಗೆ ಹೋಗಿ ಟ್ರೇಡಿಂಗ್ ಲೆಕ್ಕದಲ್ಲಿ ಸೇರಿಲ್ಲದಿದ್ದರೆ ಮೊದಲು ಅದನ್ನೂ ಸೇರಿಸಿ. ಎರಡೂ ಕಡೆ ಒಂದೇ ನ್ಯಾಯ ಇರಬೇಕು.

ಇಂಡೆಕ್ಸ್ ಫೈಲ್ ತೆರೆದ ಕೂಡಲೇ ದಿನಾಂಕದ ಕ್ರಮ ನೋಡಿ. ಒಂದು ಫೈಲ್‌ನಲ್ಲಿ ಹಳೆಯ ದಿನ ಮೇಲೆ, ಇನ್ನೊಂದರಲ್ಲಿ ಹೊಸ ದಿನ ಮೇಲೆ ಇರಬಹುದು. ಹಾಗೇ ಪೇಸ್ಟ್ ಮಾಡಿದರೆ ನಿಮ್ಮ ಜನವರಿ ಪಕ್ಕದಲ್ಲಿ ಇಂಡೆಕ್ಸ್‌ನ ಡಿಸೆಂಬರ್ ಕೂರುತ್ತದೆ. ಪೇಸ್ಟ್ ಮಾಡುವ ಬದಲು ದಿನಾಂಕ ಕೊಟ್ಟು `XLOOKUP` ನಿಂದ ತನ್ನಿ. ಕೈಯಲ್ಲೇ ಪರೀಕ್ಷಿಸಲು ಒಂದು ಒಳ್ಳೆಯ ತಿಂಗಳಿದೆ: 2020ರ ಮಾರ್ಚ್. ಆ ತಿಂಗಳು ನಿಫ್ಟಿ 50 ಸುಮಾರು 23% ಬಿತ್ತು. ನಿಮ್ಮ ಲೆಕ್ಕ ಆ ಕಾಲದ್ದಾದರೆ, ಆ ಸಾಲಿನಲ್ಲಿ ಎರಡೂ ಕಾಲಂ ದೊಡ್ಡ ನಷ್ಟ ತೋರಿಸುತ್ತಿದೆಯೇ ನೋಡಿ.

## ಹಂತ 3: ಟಿ-ಬಿಲ್ ಬಡ್ಡಿಯನ್ನು ಎರಡೂ ಕಡೆಯಿಂದ ಕಳೆಯಿರಿ

ಏನೂ ಅಪಾಯ ತೆಗೆದುಕೊಳ್ಳದೆ ಸಿಗುವ ಬಡ್ಡಿಯನ್ನು ಕೌಶಲ ಅನ್ನಲು ಆಗುವುದಿಲ್ಲ. ಅದಕ್ಕಾಗಿ 91 ದಿನದ ಟಿ-ಬಿಲ್ ಬಡ್ಡಿ ಬಳಸಿ. ರಿಸರ್ವ್ ಬ್ಯಾಂಕ್ ವಾರ ವಾರ ಹರಾಜು ಮಾಡುತ್ತದೆ, ದರ ಸುಲಭವಾಗಿ ಸಿಗುತ್ತದೆ. ಆದರೆ ಅಲ್ಲಿ ಬರೆದಿರುವುದು ವರ್ಷದ ದರ. 6% ಅಂತಿದ್ದರೆ ತಿಂಗಳಿಗೆ 0.5%. 12ರಿಂದ ಭಾಗಿಸದೆ ಹಾಕಿದ ಶೀಟ್‌ಗಳನ್ನು ನಾನು ನೋಡಿದ್ದೇನೆ.

E ಕಾಲಂನಲ್ಲಿ `=B2-D2`, F ಕಾಲಂನಲ್ಲಿ `=C2-D2`. ಇನ್ನು ಮುಂದೆ ಈ ಎರಡು ಕಾಲಂ ಮಾತ್ರ ನಮ್ಮ ಕೆಲಸಕ್ಕೆ.

"ಎರಡೂ ಕಡೆಯಿಂದ ಒಂದೇ ಅಂಕಿ ಕಳೆದರೆ ವ್ಯತ್ಯಾಸ ಏನು?" ಅಂತ ಕೇಳುವವರಿದ್ದಾರೆ. ಬೀಟಾ ಸರಿಯಾಗಿ 1 ಇದ್ದರೆ, ಅಂದರೆ ಇಂಡೆಕ್ಸ್ 1% ಏರಿಳಿದಾಗ ನೀವೂ 1% ಏರಿಳಿದರೆ, ವ್ಯತ್ಯಾಸ ಇಲ್ಲ. ಆದರೆ ಅರ್ಧ ಹಣ ನಿಫ್ಟಿ ಇಂಡೆಕ್ಸ್ ಫಂಡ್‌ನಲ್ಲಿ, ಅರ್ಧ ಲಿಕ್ವಿಡ್ ಫಂಡ್‌ನಲ್ಲಿ ಇಟ್ಟು ಸುಮ್ಮನೆ ಕೂತವರನ್ನು ನೋಡಿ. ಅವರ ಬೀಟಾ 0.5. ಬಡ್ಡಿ ಕಳೆಯದಿದ್ದರೆ ಲಿಕ್ವಿಡ್ ಫಂಡ್‌ನ ಬಡ್ಡಿಯೆಲ್ಲ ಆಲ್ಫಾ ಜಾಗದಲ್ಲಿ ಕೂರುತ್ತದೆ: ತಿಂಗಳಿಗೆ 0.25%, ವರ್ಷಕ್ಕೆ 3%. ಏನೂ ಮಾಡದವರಿಗೆ 3% ಆಲ್ಫಾ! ಮಾರ್ಕೆಟ್ ಬಿದ್ದಾಗ ಕ್ಯಾಶ್‌ಗೆ ಹೋಗುವ ಸ್ಟ್ರಾಟೆಜಿಗಳಲ್ಲಿ ಈ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ.

## ಹಂತ 4: ಮೊದಲು ಚಿತ್ರ, ಆಮೇಲೆ ಫಾರ್ಮುಲಾ

F ಅನ್ನು ಅಡ್ಡಕ್ಕೆ, E ಅನ್ನು ಉದ್ದಕ್ಕೆ ಇಟ್ಟು ಸ್ಕ್ಯಾಟರ್ ಚಾರ್ಟ್ ಹಾಕಿ. ಚುಕ್ಕೆಗಳು ಎಡ ಕೆಳಗಿನಿಂದ ಬಲ ಮೇಲಕ್ಕೆ ಏರುವ ಮೋಡದ ಹಾಗೆ ಕಾಣಬೇಕು. ಒಂದೇ ಒಂದು ಚುಕ್ಕೆ ದೂರ ನಿಂತಿದ್ದರೆ ಆ ತಿಂಗಳನ್ನು ತೆರೆದು ನೋಡಿ. ಬೋನಸ್ ಅಥವಾ ಸ್ಪ್ಲಿಟ್ ಸರಿಪಡಿಸದೆ ಬಿಟ್ಟ ಬೆಲೆ, ಇಲ್ಲವೇ ಹಂತ 1ರ ಹಣದ ತಪ್ಪು, ಹೆಚ್ಚಾಗಿ ಅಲ್ಲೇ ಇರುತ್ತದೆ.

ಆಮೇಲೆ ಇದನ್ನು ಹಾಕಿ:

```
=LINEST(E2:E37, F2:F37, TRUE, TRUE)
```

ಐದು ಸಾಲು, ಎರಡು ಕಾಲಂ ಬರುತ್ತದೆ. ಮೊದಲ ಸಾಲಿನಲ್ಲಿ ಎಡಗಡೆ ಬೀಟಾ, ಬಲಗಡೆ ಆಲ್ಫಾ. ಎರಡನೇ ಸಾಲಿನಲ್ಲಿ ಅವೆರಡರ ಸ್ಟ್ಯಾಂಡರ್ಡ್ ಎರರ್, ಅಂದರೆ ಆ ಅಂಕಿ ಅದೃಷ್ಟದಿಂದ ಎಷ್ಟು ಆಚೀಚೆ ಆಗಿರಬಹುದು ಅನ್ನುವ ಅಳತೆ. ಮೂರನೇ ಸಾಲಿನ ಎಡಗಡೆ ಆರ್-ಸ್ಕ್ವೇರ್, ಅಂದರೆ ನಿಮ್ಮ ಏರಿಳಿತದಲ್ಲಿ ಎಷ್ಟು ಪಾಲು ಇಂಡೆಕ್ಸ್‌ನಿಂದ ಬಂತು ಅನ್ನುವುದು. ಬರೀ `SLOPE` ಮತ್ತು `INTERCEPT` ಬಳಸಬೇಡಿ. ಅವು ಆಲ್ಫಾ ಹೇಳುತ್ತವೆ, ಅದನ್ನು ಎಷ್ಟು ನಂಬಬೇಕು ಅಂತ ಹೇಳುವುದಿಲ್ಲ.

ಎಚ್ಚರಿಕೆಯ ಗುರುತು: ಷೇರುಗಳನ್ನು ಕೊಂಡು ಇಟ್ಟುಕೊಳ್ಳುವ ಪೋರ್ಟ್‌ಫೋಲಿಯೊದಲ್ಲಿ ಬೀಟಾ ಸೊನ್ನೆಯ ಹತ್ತಿರ, ಆರ್-ಸ್ಕ್ವೇರ್ 0.1ಕ್ಕಿಂತ ಕಡಿಮೆ ಬಂದರೆ ಸಂತೋಷ ಪಡಬೇಡಿ. ಬಹುತೇಕ ಒಂದು ಸಾಲು ಜಾರಿದೆ. ಬೀಟಾ ಸತ್ತಾಗ ಗಳಿಕೆಯೆಲ್ಲ ಆಲ್ಫಾ ವೇಷ ಹಾಕಿಕೊಳ್ಳುತ್ತದೆ. ಇಂಡೆಕ್ಸ್ ಅನ್ನು ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ ಸರಿಸಿ ಮತ್ತೆ ನೋಡಿ: ಮೊದಲು `=LINEST(E2:E36, F3:F37, TRUE, TRUE)`, ಆಮೇಲೆ `=LINEST(E3:E37, F2:F36, TRUE, TRUE)`. ಆರ್-ಸ್ಕ್ವೇರ್ ಥಟ್ಟನೆ 0.7ಕ್ಕೆ ಏರಿದರೆ ಕಳ್ಳ ಸಿಕ್ಕಿದ ಹಾಗೆ.

## ಹಂತ 5: ಬಂದ ಅಂಕಿಯನ್ನು ಬಿಡಿಸಿ ನೋಡಿ

ಗೆಳೆಯರ ಶೀಟ್ ಸರಿಪಡಿಸಿದ ಮೇಲೆ 36 ತಿಂಗಳ ಸರಾಸರಿ ಹೀಗಿತ್ತು. ಸ್ಟ್ರಾಟೆಜಿ ತಿಂಗಳಿಗೆ 2.1%, ನಿಫ್ಟಿ 50 ಟಿಆರ್‌ಐ 1.5%, ಟಿ-ಬಿಲ್ 0.5%. ಬೀಟಾ 1.2, ಆರ್-ಸ್ಕ್ವೇರ್ 0.72.

ನಿಫ್ಟಿಗಿಂತ ಎಷ್ಟು ಜಾಸ್ತಿ ಬಂತು ಅಂತ ಮಾತ್ರ ನೋಡಿದರೆ ಲೆಕ್ಕ ಸುಲಭ. 2.1ರಿಂದ 1.5 ಕಳೆದರೆ 0.6, ಅದನ್ನು 12ರಿಂದ ಗುಣಿಸಿದರೆ 7.2%. ಆದರೆ ಬೀಟಾ ಲೆಕ್ಕ ಬೇರೆ:

```
ಸ್ಟ್ರಾಟೆಜಿ − ಟಿ-ಬಿಲ್        = 2.1 − 0.5  = 1.6
ಬೀಟಾ × (ನಿಫ್ಟಿ − ಟಿ-ಬಿಲ್)   = 1.2 × 1.0  = 1.2
ಆಲ್ಫಾ                        = 1.6 − 1.2  = 0.4
```

0.6ರಲ್ಲಿ 0.2 ಬರೀ ಜಾಸ್ತಿ ಬೀಟಾದಿಂದ ಬಂದದ್ದು. ನಿಫ್ಟಿ ಫ್ಯೂಚರ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಪೊಸಿಷನ್ ಇಟ್ಟಿದ್ದರೂ ಅದು ಬರುತ್ತಿತ್ತು, ಷೇರು ಆರಿಸುವ ಶ್ರಮವೇ ಬೇಡ. ಏರುವ ವರ್ಷದಲ್ಲಿ ಈ ಪಾಲು ಎಷ್ಟು ದೊಡ್ಡದಾಗುತ್ತದೆ ನೋಡಿ: 2020ರ ಏಪ್ರಿಲ್‌ನಿಂದ 2021ರ ಮಾರ್ಚ್‌ವರೆಗೆ ನಿಫ್ಟಿ 50 ಸುಮಾರು 71% ಏರಿತು. ಆ ಒಂದು ವರ್ಷದಲ್ಲಿ 1.2 ಬೀಟಾ ಇದ್ದ ಯಾರೇ ಆದರೂ ಷೇರು ಆರಿಸುವ ಜಾಣತನ ಇಲ್ಲದೆಯೂ ನಿಫ್ಟಿಯನ್ನು ಭಾರಿ ಅಂತರದಿಂದ ಹಿಂದೆ ಹಾಕಿರುತ್ತಾರೆ.

ಅವರು ಮೊದಲು ಬೆಲೆಯ ಇಂಡೆಕ್ಸ್ ಬಳಸಿದ್ದರು. ಡಿವಿಡೆಂಡ್ ತಿಂಗಳಿಗೆ 0.1% ಅಂತ ಇಟ್ಟುಕೊಂಡರೆ, ಅದೊಂದೇ ತಪ್ಪಿನಿಂದ ಆಲ್ಫಾ 0.4ರ ಬದಲು 0.52 ಬರುತ್ತದೆ. ವರ್ಷಕ್ಕೆ ಸುಮಾರು ಒಂದೂವರೆ ಪರ್ಸೆಂಟ್ ಬರೀ ತಪ್ಪು ಫೈಲ್‌ನಿಂದ.

## ಹಂತ 6: ಆಲ್ಫಾವನ್ನು ಅದರ ಸ್ಟ್ಯಾಂಡರ್ಡ್ ಎರರ್‌ನಿಂದ ಭಾಗಿಸಿ

ತಿಂಗಳಿಗೆ 0.4%, ವರ್ಷಕ್ಕೆ 4.8%. ಇಲ್ಲಿಗೆ ನಿಲ್ಲಿಸಿ ಖುಷಿ ಪಡುವವರೇ ಜಾಸ್ತಿ. ದಯವಿಟ್ಟು ಇನ್ನೊಂದು ಭಾಗಾಕಾರ ಮಾಡಿ.

ಎರಡನೇ ಸಾಲಿನಲ್ಲಿ ಆಲ್ಫಾದ ಸ್ಟ್ಯಾಂಡರ್ಡ್ ಎರರ್ 0.515 ಅಂತ ಇತ್ತು. 0.4 ಭಾಗ 0.515, ಅಂದರೆ ಟಿ ಮೌಲ್ಯ 0.78. ಅದೃಷ್ಟವಲ್ಲ ಅನ್ನಲು ಇದು ಸಾಮಾನ್ಯವಾಗಿ 2ರ ಆಸುಪಾಸು ಇರಬೇಕು. ಆಲ್ಫಾದಿಂದ ಎರಡೂ ಕಡೆ ಸುಮಾರು ಎರಡು ಸ್ಟ್ಯಾಂಡರ್ಡ್ ಎರರ್ ಹೋದರೆ, ನಿಜವಾದ ಆಲ್ಫಾ ತಿಂಗಳಿಗೆ −0.65ರಿಂದ +1.45ರವರೆಗೆ ಎಲ್ಲಿ ಬೇಕಾದರೂ ಇರಬಹುದು. ನಡುವೆ ಸೊನ್ನೆಯೂ ಇದೆ. ಕೌಶಲ ಇಲ್ಲ ಅಂತ ಇದು ಹೇಳುತ್ತಿಲ್ಲ. 36 ತಿಂಗಳ ಈ ಲೆಕ್ಕ ಕೌಶಲವನ್ನೂ ಅದೃಷ್ಟವನ್ನೂ ಬೇರೆ ಮಾಡಲಾರದು ಅಂತ ಹೇಳುತ್ತಿದೆ.

ಎರರ್ ಇಷ್ಟು ದೊಡ್ಡದು ಯಾಕೆ? ಇಂಡೆಕ್ಸ್ ಪಾಲು ಕಳೆದ ಮೇಲೂ ಅವರ ಪೋರ್ಟ್‌ಫೋಲಿಯೊ ತಿಂಗಳಿಗೆ 3% ಆಚೀಚೆ ಓಲಾಡುತ್ತದೆ. ಆ ಓಲಾಟವನ್ನು 36ರ ವರ್ಗಮೂಲ, ಅಂದರೆ 6ರಿಂದ ಭಾಗಿಸಿದರೆ 0.5. ಹೆಚ್ಚು ಕಡಿಮೆ ಅದೇ ನಮ್ಮ ಸ್ಟ್ಯಾಂಡರ್ಡ್ ಎರರ್. ವರ್ಗಮೂಲ ಇರುವುದರಿಂದ ಎರರ್ ಅರ್ಧ ಆಗಬೇಕಾದರೆ ತಿಂಗಳುಗಳು ನಾಲ್ಕು ಪಟ್ಟು ಬೇಕು. ಇದೇ ಆಲ್ಫಾ, ಇದೇ ಓಲಾಟ ಮುಂದುವರಿದರೆ ಟಿ ಮೌಲ್ಯ 2 ಮುಟ್ಟಲು ಸುಮಾರು 240 ತಿಂಗಳು, ಅಂದರೆ 20 ವರ್ಷ ಹಿಡಿಯುತ್ತದೆ. ಇದನ್ನು ಹೇಳಿದಾಗ ಗೆಳೆಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಟಿ 2 ದಾಟಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಈ ಸ್ಟ್ರಾಟೆಜಿಗೆ ಬರುವ ಮೊದಲು ಎಷ್ಟು ಬಗೆ ಪ್ರಯತ್ನಿಸಿದ್ದೀರಿ? ಆರು ತಿಂಗಳ ಮೊಮೆಂಟಮ್, ಒಂಬತ್ತು ತಿಂಗಳದ್ದು, 15 ಷೇರು, 20 ಷೇರು ಅಂತ ನಲವತ್ತು ಬಗೆ ಓಡಿಸಿ ಚೆನ್ನಾಗಿದ್ದುದನ್ನು ಇಟ್ಟುಕೊಂಡಿದ್ದರೆ, ಯಾವುದರಲ್ಲೂ ಹುರುಳಿಲ್ಲದಿದ್ದರೂ ಒಂದರಲ್ಲಿ 2 ಬರುವುದು ಸಹಜ. ಓಡಿಸಿದ ಬಗೆಗಳ ಲೆಕ್ಕವನ್ನು ಶೀಟ್‌ನಲ್ಲೇ ಬರೆದಿಡಿ. ಬ್ಯಾಕ್‌ಟೆಸ್ಟ್ ತಿಂಗಳು ಮತ್ತು ನಿಜವಾಗಿ ಹಣ ಹಾಕಿದ ತಿಂಗಳು ಬೇರೆ ಬೇರೆ ಇರಲಿ. ಎರಡಕ್ಕೂ ಒಂದೇ ರಿಗ್ರೆಷನ್ ಬೇಡ.

## ಹಂತ 7: ಇಂಡೆಕ್ಸ್ ನಿಮ್ಮ ಷೇರುಗಳ ಜಾತಿಯದೇ?

ಗೆಳೆಯರು ಕೊಳ್ಳುವುದು ಮಿಡ್‌ಕ್ಯಾಪ್. ಹೋಲಿಸಿದ್ದು ನಿಫ್ಟಿ 50ಕ್ಕೆ. ಮಿಡ್‌ಕ್ಯಾಪ್‌ಗಳೆಲ್ಲ ಏರಿದ ಕಾಲದಲ್ಲಿ ಆ ಏರಿಕೆ ನಿಫ್ಟಿ 50ರ ಬೀಟಾದಲ್ಲಿ ಪೂರ್ತಿ ಹಿಡಿಸುವುದಿಲ್ಲ. ಮಿಕ್ಕದ್ದು ಆಲ್ಫಾಗೆ ಸೇರುತ್ತದೆ.

ನಿಫ್ಟಿ ಮಿಡ್‌ಕ್ಯಾಪ್ 150 ಟಿಆರ್‌ಐ ತಂದು, ಅದರಿಂದ ನಿಫ್ಟಿ 50 ಟಿಆರ್‌ಐ ಕಳೆದು G ಕಾಲಂನಲ್ಲಿ ಹಾಕಿ. ಇದು ಎರಡು ಇಂಡೆಕ್ಸ್‌ಗಳ ವ್ಯತ್ಯಾಸ, ಹಾಗಾಗಿ ಇಲ್ಲಿ ಟಿ-ಬಿಲ್ ಕಳೆಯುವುದು ಬೇಡ. ಆಮೇಲೆ:

```
=LINEST(E2:E37, F2:G37, TRUE, TRUE)
```

ಇಲ್ಲೊಂದು ಬಲೆ ಇದೆ. `LINEST` ಉತ್ತರವನ್ನು ತಿರುಗುಮುರುಗು ಕೊಡುತ್ತದೆ: ಮೊದಲು G ಯದು, ಆಮೇಲೆ F ದು, ಕೊನೆಗೆ ಆಲ್ಫಾ. ಎಡದಿಂದ ಓದುತ್ತಾ ಹೋದವರು ಮಿಡ್‌ಕ್ಯಾಪ್ ಅಂಕಿಯನ್ನೇ ಬೀಟಾ ಅಂದುಕೊಳ್ಳುತ್ತಾರೆ.

ಅವರ ಲೆಕ್ಕದಲ್ಲಿ ನಿಫ್ಟಿ ಬೀಟಾ 1.05, ಮಿಡ್‌ಕ್ಯಾಪ್ ವ್ಯತ್ಯಾಸದ ಅಂಕಿ 0.6 ಬಂತು. ಆ ಮೂರು ವರ್ಷ ಮಿಡ್‌ಕ್ಯಾಪ್ ತಿಂಗಳಿಗೆ ಸರಾಸರಿ 0.7% ಮುಂದಿತ್ತು. 1.6ರಿಂದ 1.05 ಕಳೆದು, 0.42 ಕಳೆದರೆ ಉಳಿದದ್ದು 0.13. ವರ್ಷಕ್ಕೆ ಒಂದೂವರೆ ಪರ್ಸೆಂಟ್. 7.2ರಿಂದ ಶುರುವಾಗಿ ಇಲ್ಲಿಗೆ ಬಂದೆವು.

ಮೊಮೆಂಟಮ್ ಮಾಡುವವರು ಇನ್ನೊಂದು ಹೆಜ್ಜೆ ಹೋಗಬೇಕು. ನಿಫ್ಟಿ 200 ಮೊಮೆಂಟಮ್ 30 ಇಂಡೆಕ್ಸ್ ಇದೆ, ಅದರ ಫಂಡ್‌ಗಳೂ ಇವೆ. ಅದರ ವಿರುದ್ಧವೂ ಆಲ್ಫಾ ಉಳಿಯುತ್ತದೆಯೇ ನೋಡಿ. ಈ ಇಂಡೆಕ್ಸ್ ಹೊರಬಂದದ್ದು 2020ರಲ್ಲಿ. ಅದಕ್ಕೂ ಹಿಂದಿನ ಅಂಕಿಗಳು ಹಿಂದಕ್ಕೆ ಲೆಕ್ಕ ಹಾಕಿದವು ಅನ್ನುವುದು ನೆನಪಿರಲಿ. ಇನ್ನೂ ಆಳಕ್ಕೆ ಹೋಗುವವರಿಗೆ ಐಐಎಂ ಅಹಮದಾಬಾದ್ ಭಾರತದ ಮಾರ್ಕೆಟ್‌ಗೆಂದೇ ಗಾತ್ರ, ವ್ಯಾಲ್ಯೂ, ಮೊಮೆಂಟಮ್ ಅಂಕಿಗಳನ್ನು ಉಚಿತವಾಗಿ ಕೊಡುತ್ತದೆ.

ಆದರೆ ಆಲ್ಫಾ ಚೆನ್ನಾಗಿ ಕಾಣುವವರೆಗೆ ಇಂಡೆಕ್ಸ್ ಬದಲಿಸುತ್ತಾ ಹೋಗಬೇಡಿ. ಯಾವುದರ ಜೊತೆ ಹೋಲಿಸುತ್ತೀರಿ ಅಂತ ರಿಗ್ರೆಷನ್‌ಗೆ ಮೊದಲೇ ಬರೆದುಕೊಳ್ಳಿ. ಷೇರು ಕೊಳ್ಳುವ ಪಟ್ಟಿ ಯಾವ ಗುಂಪಿನದೋ ಆ ಗುಂಪಿನ ಇಂಡೆಕ್ಸ್.

## ಹಂತ 8: ಬೀಟಾ ಒಂದೇ ಸಮ ಇದೆಯಾ?

ಇಲ್ಲಿಯವರೆಗಿನ ಲೆಕ್ಕವೆಲ್ಲ ಬೀಟಾ ಬದಲಾಗುವುದಿಲ್ಲ ಅಂತ ನಂಬಿ ಮಾಡಿದ್ದು. 200 ದಿನದ ಸರಾಸರಿ ಕೆಳಗೆ ಹೋದಾಗ ಕ್ಯಾಶ್‌ಗೆ ಬರುವವರಿಗೂ, ಆಪ್ಷನ್ ಮಾರುವವರಿಗೂ ಇದು ನಿಜ ಅಲ್ಲ. ಇಬ್ಬರಿಗೂ ಒಂದೇ ಪರೀಕ್ಷೆ ಸಾಕು. G ಕಾಲಂನಲ್ಲಿ ಮಿಡ್‌ಕ್ಯಾಪ್ ಬದಲು `=MAX(0, F2)` ಹಾಕಿ, ಅದೇ `LINEST` ಮತ್ತೆ ಓಡಿಸಿ. ಎಡಗಡೆಯ ಮೊದಲ ಅಂಕಿ, ಮಾರ್ಕೆಟ್ ಏರಿದ ತಿಂಗಳಲ್ಲಿ ನಿಮ್ಮ ಬೀಟಾ ಎಷ್ಟು ಜಾಸ್ತಿಯಾಗುತ್ತದೆ ಅಂತ ಹೇಳುತ್ತದೆ.

ಅದು ಪ್ಲಸ್ ಇದ್ದು, ತನ್ನ ಸ್ಟ್ಯಾಂಡರ್ಡ್ ಎರರ್‌ನ ಎರಡು ಪಟ್ಟಿಗಿಂತ ದೊಡ್ಡದಿದ್ದರೆ, ಏರುವಾಗ ಒಳಗಿದ್ದು ಬೀಳುವಾಗ ಹೊರಗಿದ್ದೀರಿ. ಅದು ಸಮಯ ನೋಡುವ ಗುಣ, ಷೇರು ಆರಿಸುವ ಗುಣ ಅಲ್ಲ. ಹಂತ 5ರ ಆಲ್ಫಾದಲ್ಲಿ ಎರಡೂ ಕಲಸಿಹೋಗಿರುತ್ತವೆ.

ಅದು ಮೈನಸ್ ಇದ್ದು, ಪಕ್ಕದಲ್ಲಿ ದೊಡ್ಡ ಆಲ್ಫಾ ಇದ್ದರೆ ಜೋಪಾನ. ಏರಿದಾಗ ಸ್ವಲ್ಪವೇ ಸಿಗುತ್ತದೆ, ಬಿದ್ದಾಗ ಪೂರ್ತಿ ಹೊಡೆತ ಬೀಳುತ್ತದೆ. ನಿಫ್ಟಿಯಲ್ಲಿ ಸ್ಟ್ರ್ಯಾಂಗಲ್, ಅಂದರೆ ಕಾಲ್ ಮತ್ತು ಪುಟ್ ಆಪ್ಷನ್ ಎರಡನ್ನೂ ಒಟ್ಟಿಗೆ ಮಾರುವವರ ಲೆಕ್ಕ ಹೀಗೇ ಕಾಣುತ್ತದೆ. ತಿಂಗಳು ತಿಂಗಳು ಬರುವ ಪ್ರೀಮಿಯಂ ಆಲ್ಫಾ ಜಾಗದಲ್ಲಿ ಕೂತು ಟಿ ಮೌಲ್ಯ 3, 4 ತೋರಿಸುತ್ತದೆ. ನಿಮ್ಮ 36 ತಿಂಗಳಲ್ಲಿ 2020ರ ಮಾರ್ಚ್‌ನಂಥ ಒಂದು ತಿಂಗಳೂ ಇಲ್ಲದಿದ್ದರೆ ಈ ಪರೀಕ್ಷೆಗೂ ಅದು ಕಾಣುವುದಿಲ್ಲ. ಆಗ ರಿಗ್ರೆಷನ್ ಬದಿಗಿಟ್ಟು, ಇವತ್ತಿನ ಪೊಸಿಷನ್ ಮೇಲೆ ನಿಫ್ಟಿ ಒಂದೇ ದಿನ 5%, 10% ಬಿದ್ದರೆ ಎಷ್ಟು ಹೋಗುತ್ತದೆ ಅಂತ ನೇರವಾಗಿ ಲೆಕ್ಕ ಹಾಕಿ.

## ಹಂತ 9: ಫಲಿತಾಂಶ ಬರೆಯುವುದು ಹೀಗೆ

ಬರೀ "ಆಲ್ಫಾ 4.8%" ಅಂತ ಬರೆಯಬೇಡಿ. ಅವಧಿ, ಇಂಡೆಕ್ಸ್, ಬೀಟಾ, ಆಲ್ಫಾ, ಸ್ಟ್ಯಾಂಡರ್ಡ್ ಎರರ್, ಓಡಿಸಿದ ಬಗೆಗಳ ಸಂಖ್ಯೆ, ಇಷ್ಟೂ ಒಂದೇ ಸಾಲಿನಲ್ಲಿ ಇರಲಿ. ಮೂರು ತಿಂಗಳಿಗೊಮ್ಮೆ ಹೊಸ ಸಾಲು ಸೇರಿಸಿ, ಹಳೆಯದನ್ನು ಅಳಿಸಬೇಡಿ. ಗೆಳೆಯರ ಶೀಟ್‌ನ ಮೇಲುಗಡೆ ಈಗ ಹೀಗಿದೆ: "36 ತಿಂಗಳು, ಖರ್ಚು ಕಳೆದು. ನಿಫ್ಟಿ 50 ಟಿಆರ್‌ಐ ಜೊತೆ ಆಲ್ಫಾ ತಿಂಗಳಿಗೆ 0.4, ಎರರ್ 0.515. ಮಿಡ್‌ಕ್ಯಾಪ್ ಸೇರಿಸಿದರೆ 0.13. ಕೌಶಲ ಅನ್ನಲು ಸಾಲದು." ಕೆಲಸ ಬಿಟ್ಟಿಲ್ಲ. ಸ್ಟ್ರಾಟೆಜಿಯಲ್ಲಿ ಹಣದ ಅರ್ಧ ಮಾತ್ರ ಇಟ್ಟು, ಉಳಿದರ್ಧವನ್ನು ಮಿಡ್‌ಕ್ಯಾಪ್ 150 ಇಂಡೆಕ್ಸ್ ಫಂಡ್‌ಗೆ ಹಾಕಿದ್ದಾರೆ. ಎರಡರ ಲೆಕ್ಕವನ್ನೂ ಈಗ ಅಕ್ಕಪಕ್ಕದ ಕಾಲಂನಲ್ಲಿ ಬರೆಯುತ್ತಿದ್ದಾರೆ.